+0.8 ತೋರಿಸ್ತಾನೇ ಇತ್ತು, ಆದ್ರೂ ಡ್ರಾ: ಇಂಜಿನ್ ನಂಬರ್ ಬಗ್ಗೆ ನನ್ನ ನೋಟ್ಸ್

ಹೋದ ತಿಂಗಳು ಒಂದು ರ‍್ಯಾಪಿಡ್ ಚೆಸ್ ಟೂರ್ನಮೆಂಟಲ್ಲಿ ಆನೆ ಎಂಡ್‌ಗೇಮ್ ಸಿಕ್ತು, ನಂಗೆ ಒಂದು ಪಾನ್ ಹೆಚ್ಚು. ಕಿಂಗ್‌ಸೈಡಲ್ಲಿ ನನ್ನವು ನಾಲ್ಕು (e, f, g, h), ಅವನವು ಮೂರು (f, g, h), ಇಬ್ಬರಿಗೂ ಒಂದೊಂದು ಆನೆ. ನಲವತ್ತು ಮೂವ್ ತಳ್ಳಾಡಿದೆ, ಡ್ರಾ ಆಯ್ತು. ಮನೆಗೆ ಬಂದು ಇಂಜಿನ್ ಹಾಕಿ ಎಲ್ಲಿ ಹಾಳು ಮಾಡ್ಕೊಂಡೆ ಅಂತ ಹುಡುಕಿದ್ರೆ ಬ್ಲಂಡರ್ ಅನ್ನೋದೇ ಇಲ್ಲ, ಸುಮಾರು ಮೂವತ್ತು ಮೂವ್ ತನಕ +0.8ರ ಆಸುಪಾಸಲ್ಲೇ ಓಡಾಡ್ತಾ ಇದೆ, ಆಮೇಲೆ ನಿಧಾನಕ್ಕೆ ಕರಗಿ 0.00. ತಪ್ಪೇ ಮಾಡದೆ ಮುಕ್ಕಾಲು ಪಾನ್ ಅಡ್ವಾಂಟೇಜ್ ಎಲ್ಲಿ ಹೋಯ್ತು ಅಂತ ತಲೆ ಕೆಟ್ಟೋಯ್ತು. ಅದನ್ನ ಕೆದಕಿ ಕೆದಕಿ ಅರ್ಥ ಆಗಿದ್ದನ್ನ ಬರೀತಾ ಇದೀನಿ, ನನ್ನ ಹಾಗೇ ಇಂಜಿನ್ನಿನ ಸ್ಕೋರ್ ಬಾರ್ ನೋಡಿ ಖುಷಿಪಡೋರಿಗೆ.

ಮೊದಲು ನಂಬರ್ ಅಂದ್ರೆ ಏನು ಅಂತ. ಇಂಜಿನ್ ಲೆಕ್ಕ ಕೊಡೋದು ಸೆಂಟಿಪಾನಲ್ಲಿ, ಅಂದ್ರೆ ಒಂದು ಪಾನಿನ ನೂರನೇ ಒಂದು ಭಾಗ, 80 ಸೆಂಟಿಪಾನ್ ಅಂದ್ರೆ ಸ್ಕ್ರೀನ್ ಮೇಲೆ +0.8. ಹಳೇ ಕಾಲದಲ್ಲಿ ಇದು ಹೆಚ್ಚುಕಮ್ಮಿ ಹೆಸರಿಗೆ ತಕ್ಕ ಹಾಗೇ ಇತ್ತು, ಪೀಸ್‌ಗಳ ಬೆಲೆ ಕೂಡಿ ಅದಕ್ಕೆ ರಾಜನ ಸೇಫ್ಟಿ, ಪಾನ್ ರಚನೆ ಅಂತ ಸ್ವಲ್ಪ ಸೇರಿಸಿ ಕಳೆದು ಒಂದು ಮೊತ್ತ. ಈಗ ಹಂಗಿಲ್ಲ. ಸ್ಟಾಕ್‌ಫಿಶ್ ಅನ್ನೋ ಇಂಜಿನ್ 2020ರಲ್ಲಿ 12ನೇ ವರ್ಷನ್ನಿಂದ ನ್ಯೂರಲ್ ನೆಟ್‌ವರ್ಕ್ ಬಳಸ್ತಾ ಇದೆ, ಆಮೇಲೆ 2022ರ ಡಿಸೆಂಬರಲ್ಲಿ ಬಂದ 15.1ರಲ್ಲಿ ಅಳತೆಗೋಲನ್ನೇ ಬದಲಾಯಿಸಿಬಿಟ್ರು. ಅವತ್ತಿಂದ +1.00 ಅಂದ್ರೆ ಒಂದು ಪಾನ್ ಹೆಚ್ಚಿದೆ ಅಂತಲ್ಲ, ತನ್ನಷ್ಟೇ ಬಲದ ಇನ್ನೊಂದು ಇಂಜಿನ್ ಎದುರು ಆಡಿದ್ರೆ ನೂರಕ್ಕೆ ಐವತ್ತು ಸಲ ಗೆಲ್ಲುತ್ತೆ ಅಂತ. ಉಳಿದ ಐವತ್ತು? ಹೆಚ್ಚೂಕಮ್ಮಿ ಎಲ್ಲಾ ಡ್ರಾ. ಇದೊಂದು ವಾಕ್ಯ ತಲೇಲಿ ಕೂತ್ರೆ ಅರ್ಧ ಕೆಲಸ ಆಯ್ತು, ಯಾಕಂದ್ರೆ +1.00 ಅನ್ನೋದೇ ಗೆಲುವು-ಡ್ರಾ ಮಧ್ಯದ ಬೇಲಿ, ಅದಕ್ಕಿಂತ ಕೆಳಗಿರೋದೆಲ್ಲ ಡ್ರಾ ಕಡೆ ವಾಲಿದ ಪೊಸಿಷನ್.

ಇದನ್ನ ಕಣ್ಣಾರೆ ನೋಡ್ಬೇಕಂದ್ರೆ ಸ್ಟಾಕ್‌ಫಿಶ್‌ನ ಟರ್ಮಿನಲಲ್ಲಿ ಓಡಿಸಿ ಮೊದಲ ಸಾಲು ಕೊಡಿ, ಆಮೇಲೆ ಯಾವುದಾದ್ರೂ ಪೊಸಿಷನ್ ಕೊಟ್ಟು ಯೋಚನೆ ಮಾಡೋಕೆ ಬಿಟ್ರೆ ಎರಡನೇ ಸಾಲಿನ ಥರದ್ದು ಬರುತ್ತೆ (ಅಂಕಿಗಳು ನಮೂನೆಗೆ ಅಷ್ಟೆ, ನಿಮ್ಮದರಲ್ಲಿ ಬೇರೆ ಬರ್ತವೆ):

```
setoption name UCI_ShowWDL value true
info depth 30 score cp 60 wdl 160 837 3
```

ಆ ಕೊನೇ ಮೂರು ನಂಬರ್ ಸಾವಿರಕ್ಕೆ ಇಷ್ಟು ಅಂತ: 160 ಗೆಲುವು, 837 ಡ್ರಾ, 3 ಸೋಲು. ಬರೀ +0.60 ನೋಡಿದಾಗ "ಚೆನ್ನಾಗಿದೆ" ಅನ್ಸುತ್ತೆ, ಇದನ್ನ ನೋಡಿದ್ರೆ "ಸೋಲಲ್ಲ, ಆದ್ರೆ ಗೆಲ್ಲೋದು ಕಷ್ಟ" ಅನ್ಸುತ್ತೆ, ಪೊಸಿಷನ್ ಎರಡೂ ಸಲ ಒಂದೇ. ಇದು ಇಂಜಿನ್ ಎದುರು ಇಂಜಿನ್ ಲೆಕ್ಕ, ನಾವು ನೀವು ಆಡಿದ್ರೆ ಎರಡೂ ಕಡೆ ತಪ್ಪು ಆಗ್ತಾನೇ ಇರುತ್ತೆ ಅನ್ನೋದು ಬೇರೆ ಮಾತು. ಲಿಚೆಸ್ ಸೈಟಿನವರು ಮನುಷ್ಯರ ಆಟಗಳಿಂದ ಲೆಕ್ಕ ಹಾಕಿ ತೋರಿಸೋ ಪರ್ಸೆಂಟೇಜಲ್ಲಿ +1.00ಗೆ ಸುಮಾರು 59 ಬರುತ್ತೆ. ಎರಡು ಅಳತೆ ಬೇರೆ ಬೇರೆ, ಒಂದಕ್ಕೊಂದು ಹೋಲಿಸೋಕೆ ಹೋಗ್ಬೇಡಿ.

ಈಗ ಅಸಲಿ ವಿಷಯ. ಚೆಸ್ಸಲ್ಲಿ ಯಾವ ಪೊಸಿಷನ್ನಿಗೂ ನಿಜವಾದ ಉತ್ತರ ಮೂರೇ: ಗೆಲುವು, ಡ್ರಾ, ಸೋಲು. 0.8 ಅನ್ನೋ ಉತ್ತರ ಎಲ್ಲೂ ಇಲ್ಲ. ಇಂಜಿನ್ನಿಗೆ ಕೊನೇ ತನಕ ಕಾಣಿಸದೇ ಇದ್ದಾಗ ಹಾಕೋ ಅಂದಾಜು ಅದು. ಹಂಗಾಗಿ +0.8 ಅಂದ್ರೆ ಗೆಲುವಿನ ಮುಕ್ಕಾಲು ದಾರಿ ಬಂದ್ವಿ ಅಂತಲ್ಲ, ಆ ಪೊಸಿಷನ್ ಈಗಾಗ್ಲೇ ಪಕ್ಕಾ ಡ್ರಾ ಆಗಿರಬಹುದು, ಇಂಜಿನ್ನಿಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ. ಡ್ರಾ ಅನ್ನೋ ಜಾಗ ಎಷ್ಟು ದೊಡ್ಡದು ಅಂತ ನೋಡ್ಬೇಕಾದ್ರೆ ಬೋರ್ಡಲ್ಲಿ ಪಾನ್ ಒಂದೂ ಇಲ್ದೇ ಎರಡು ರಾಜ, ಒಂದು ಒಂಟೆ ಇಡಿ. ಪಾಯಿಂಟ್ ಲೆಕ್ಕದಲ್ಲಿ ಮೂರು ಹೆಚ್ಚು, ಮೇಟ್ ಮಾಡೋಕೆ ಮಾತ್ರ ಸಾಧ್ಯವೇ ಇಲ್ಲ.

ಒಂದು ಪೊಸಿಷನ್ ಪೂರ್ತಿ ಬಿಡಿಸಿ ನೋಡೋಣ, ಬೋರ್ಡ್ ತಗೊಂಡು ಇಟ್ಕೊಳ್ಳಿ:

```
8/3b1k2/8/4PP2/5K2/4B3/8/8 w - - 0 1
```

ಬಿಳಿ ರಾಜ f4, ಒಂಟೆ e3, ಪಾನ್ e5 ಮತ್ತು f5. ಕಪ್ಪು ರಾಜ f7, ಒಂಟೆ d7. ಬಿಳಿಗೆ ಎರಡು ಪಾನ್ ಹೆಚ್ಚು, ಅದೂ ಅಕ್ಕಪಕ್ಕ, ಐದನೇ ಸಾಲಿಗೆ ಬಂದಿರೋವು. ಕ್ಲಬ್ಬಲ್ಲಿ ಇಟ್ಟು ಕೇಳಿದೆ, ಐದು ಜನದಲ್ಲಿ ನಾಲ್ಕು ಜನ "ಬಿಳಿ ಗೆದ್ದಂಗೇ" ಅಂದ್ರು. ಡ್ರಾ. ಗಮನಿಸಬೇಕಾದ್ದು ಒಂಟೆಗಳ ಬಣ್ಣ: ಬಿಳಿಯವನ ಒಂಟೆ ಕಪ್ಪು ಮನೆಗಳಲ್ಲಿ ಓಡಾಡುತ್ತೆ, ಕಪ್ಪಿನವನದು ಬಿಳಿ ಮನೆಗಳಲ್ಲಿ. ಇವೆರಡೂ ಇಡೀ ಆಟದಲ್ಲಿ ಒಂದನ್ನೊಂದು ಮುಟ್ಟೋಕೇ ಆಗಲ್ಲ.

ಗೆಲ್ಲೋಕೆ ಬಿಳಿ e6 ತಳ್ಳಲೇಬೇಕು. ಈಗಲೇ 1.e6+ ಆಡಿದ್ರೆ ರಾಜನಿಗೂ ಒಂಟೆಗೂ ಒಟ್ಟಿಗೆ ಹೊಡೆತ, ನೋಡೋಕೆ ಭಾರಿ ಚೆನ್ನಾಗಿದೆ, ಆದ್ರೆ 1...Bxe6 2.fxe6+ Kxe6, ಬಿಳಿ ಹತ್ರ ಉಳಿದಿದ್ದು ಒಂಟೆ ಒಂದೇ, ಮುಗೀತು. ಅಂದ್ರೆ e6ಗೆ ಇನ್ನೊಂದು ಸಪೋರ್ಟ್ ಬೇಕು. ಆದ್ರೆ e6 ಬಿಳಿ ಮನೆ, ಬಿಳಿಯವನ ಒಂಟೆ ಕೈಲಿ ಜನ್ಮದಲ್ಲಿ ಆಗಲ್ಲ, ಹಾಗಾಗಿ ರಾಜನೇ d6 ತನಕ ನಡ್ಕೊಂಡು ಹೋಗ್ಬೇಕು. ರಾಜ ಹೊರಟ ತಕ್ಷಣ d7 ಒಂಟೆ f5 ಪಾನನ್ನ ತಿಂದುಹಾಕುತ್ತೆ, ಯಾಕಂದ್ರೆ f5 ಕೂಡ ಬಿಳಿ ಮನೆ, ಅದನ್ನ ಕಾಯೋಕೂ ರಾಜ ಬಿಟ್ರೆ ಬೇರೆ ಯಾರೂ ಇಲ್ಲ. ಸರಿ, ಇನ್ನೊಂದು ದಾರಿ: ರಾಜನ್ನ g5ಗೆ ತಂದು f6 ತಳ್ಳಿದ್ರೆ? ಆಗ ಎರಡು ಪಾನೂ ಕಪ್ಪು ಮನೆಗೆ ಹೋದ್ವು, ಕಪ್ಪು ರಾಜ e6ಗೆ ಬಂದು ಕೂತ್ಕೊಂಡ, ಒಂಟೆ e8ರಿಂದ f7 ಕಾಯ್ತಾ ಇರುತ್ತೆ, ಆ ಬಿಳಿ ಮನೆಗಳಿಂದ ಅವನ್ನ ಎಬ್ಬಿಸೋಕೆ ಬಿಳಿ ಹತ್ರ ಏನೂ ಇಲ್ಲ. ಕಪ್ಪಿನವನು ಮಾಡ್ಬೇಕಾದ್ದು ಇಷ್ಟೇ, ಬಿಳಿ ಏನೂ ಮಾಡದೇ ಇದ್ದಾಗ ಒಂಟೆನ d7ರಿಂದ c8, c8ರಿಂದ d7.

ಕಪ್ಪು ಒಂಟೆ ಇಲ್ಲಿ ಒಂದೇ ಜಾಗದಲ್ಲಿ ನಿಂತು ಎರಡು ಕೆಲಸ ಮಾಡ್ತಾ ಇದೆ, e6 ಕಾಯೋದು ಮತ್ತು f5ಗೆ ಹೊಡೆಯೋದು. ಅದೇ ಒಂಟೆ b3 ಕಡೆಯಿಂದ ಬರೀ e6 ಕಾಯ್ತಾ ಇತ್ತು ಅಂದ್ಕೊಳ್ಳಿ, ಆಗ ಬಿಳಿ ರಾಜ f5ಗೆ ಕಾವಲು ನಿಲ್ಲಬೇಕಾಗಿಲ್ಲ, ಆರಾಮಾಗಿ d6 ಕಡೆ ಹೊರಡಬಹುದು, ಕಪ್ಪಿನವನು ಒಂಟೆನ ಮತ್ತೆ ಸರಿ ಜಾಗಕ್ಕೆ ತರೋಕೆ ಓಡ್ಬೇಕು. ಅಷ್ಟೇ ಪಾನ್, ಅಷ್ಟೇ ಪೀಸ್, ಕತೆ ಬೇರೆ. ಬೋರ್ಡ್ ಮೇಲಿರೋದು ಆರೇ ಕಾಯಿ ಆಗಿರೋದ್ರಿಂದ ಟೇಬಲ್‌ಬೇಸಲ್ಲಿ ಚೆಕ್ ಮಾಡ್ಕೊಬಹುದು. ಸಿಜಿಜಿ ಟೇಬಲ್‌ಬೇಸಲ್ಲಿ ರಾಜರನ್ನೂ ಸೇರಿಸಿ ಏಳು ಕಾಯಿ ತನಕ ಎಲ್ಲಾ ಪೊಸಿಷನ್ನಿಗೂ ಪಕ್ಕಾ ಉತ್ತರ ಇದೆ, ಲಿಚೆಸ್ ಅನಾಲಿಸಿಸ್ ಬೋರ್ಡಲ್ಲಿ ಮೇಲಿನ ಸಾಲು ಪೇಸ್ಟ್ ಮಾಡಿದ್ರೆ ಸಾಕು. ಅಲ್ಲಿ ಅಂದಾಜಿಗೆ ಜಾಗ ಇಲ್ಲ, ಡ್ರಾ ಅಂದ್ರೆ ಡ್ರಾ.

ತೊಂದ್ರೆ ಇರೋದು ಕಾಯಿ ಜಾಸ್ತಿ ಇದ್ದಾಗ, ಅಲ್ಲಿ ಟೇಬಲ್‌ಬೇಸ್ ಕೈಗೆ ಬರಲ್ಲ, ಇಂಜಿನ್ ಪ್ಲಸ್ ತೋರಿಸ್ತಾನೇ ಇರುತ್ತೆ. ಇಂಥ ಒಡೆಯೋಕಾಗದ ರಕ್ಷಣೆಗೆ ಫೋರ್ಟ್ರೆಸ್ ಅಂತಾರೆ, ಕೋಟೆ ಅಂದ್ಕೊಳ್ಳಿ. ಕೋಟೆ ಹೌದೋ ಅಲ್ವೋ ಅಂತ ನೋಡೋಕೆ ನಾನು ಮಾಡೋದು ಹೀಗೆ: ಇಂಜಿನ್ನಿನ ಮೊದಲ ಆಯ್ಕೆಯನ್ನೇ ಎರಡೂ ಕಡೆಗೆ ಹದಿನೈದು ಇಪ್ಪತ್ತು ಮೂವ್ ಆಡಿಸ್ತೀನಿ, ಪ್ರತಿ ಮೂವಿಗೆ ಸ್ವಲ್ಪ ಟೈಮ್ ಕೊಟ್ಟು. ನಿಜವಾಗ್ಲೂ ಗೆಲ್ಲೋ ಪೊಸಿಷನ್ ಆದ್ರೆ ನಂಬರ್ ಏರುತ್ತೆ, 0.8 ಇದ್ದಿದ್ದು 1.3, 2, ಆಮೇಲೆ ಹಾರಿಬಿಡುತ್ತೆ. ಕೋಟೆ ಆದ್ರೆ ಅಲ್ಲೇ ನಿಂತಿರುತ್ತೆ, ಇಂಜಿನ್ ಆನೆನ ಆ ಕಡೆ ಈ ಕಡೆ ಸುಮ್ನೆ ಆಡಿಸ್ತಾ ಇರುತ್ತೆ, ಪಾನ್ ಮುಟ್ಟಲ್ಲ, ಐವತ್ತು ಮೂವ್ ರೂಲ್ ಹತ್ರ ಬಂದ ಹಾಗೆ 0.00 ಕಡೆ ಇಳಿಯುತ್ತೆ. ಕೆಲವು ಸಲ ಐವತ್ತು ಮೂವ್ ಆಗೋ ಮುಂಚೆ ಒಂದು ಪಾನ್ ತಳ್ಳಿ ಮತ್ತೆ ಮೊದಲಿಂದ ಶುರು ಮಾಡುತ್ತೆ, ಅದನ್ನ ನೋಡಿ ಪ್ರೋಗ್ರೆಸ್ ಆಯ್ತು ಅಂತ ಮೋಸ ಹೋಗ್ಬೇಡಿ, ನಾನು ಹೋಗಿದೀನಿ. ಇದು ಪ್ರೂಫ್ ಅಲ್ಲ, ಅಪರೂಪಕ್ಕೆ ನಲವತ್ತು ಮೂವ್ ಆದ್ಮೇಲೆ ಗೆಲ್ಲೋ ಪ್ಲಾನೂ ಇರುತ್ತೆ, ಆದ್ರೆ ನಮ್ಮ ಲೆವೆಲ್ಲಿಗೆ ಇಷ್ಟು ಸಾಕು.

ವಾಪಸ್ ನನ್ನ ಆನೆ ಎಂಡ್‌ಗೇಮಿಗೆ. ಒಂದೇ ಕಡೆ ನಾಲ್ಕಕ್ಕೆ ಮೂರು ಪಾನ್, ಇಬ್ಬರಿಗೂ ಆನೆ, ಇದು ಸರಿಯಾಗಿ ಆಡಿದ್ರೆ ಸಾಮಾನ್ಯವಾಗಿ ಡ್ರಾ ಅಂತ ಹಳೇ ಕಾಲದಿಂದ ಗೊತ್ತಿರೋದು, ನಂಗೆ ಗೊತ್ತಿರ್ಲಿಲ್ಲ ಅಷ್ಟೆ. ಕಾರಣ ತುಂಬಾ ಸಿಂಪಲ್. ನಾನು ಮುಂದೆ ಹೋಗ್ಬೇಕಂದ್ರೆ ಪಾನ್ ತಳ್ಬೇಕು, ತಳ್ಳಿದಾಗೆಲ್ಲ ಒಂದೊಂದು ಜೋಡಿ ಬದಲಾವಣೆ ಆಗುತ್ತೆ, ನಾಲ್ಕಕ್ಕೆ ಮೂರು ಹೋಗಿ ಮೂರಕ್ಕೆ ಎರಡು, ಎರಡಕ್ಕೆ ಒಂದು, ಕೊನೆಗೆ ಒಂದಕ್ಕೆ ಸೊನ್ನೆ. ಆ ಕೊನೇ ಒಂದು ಪಾನ್ ಎದುರು ಅವನ ರಾಜ ಮುಂದೇನೇ ನಿಂತಿರ್ತಾನೆ, ಆನೆ ಆರನೇ ಸಾಲಲ್ಲಿ ಕಾಯ್ತಾ ಇದ್ದು, ಪಾನ್ ಆರನೇ ಸಾಲಿಗೆ ಬಂದ ತಕ್ಷಣ ಕೆಳಗಿಳಿದು ಹಿಂದಿಂದ ಚೆಕ್ ಕೊಡ್ತಾ ಹೋಗುತ್ತೆ, 18ನೇ ಶತಮಾನದ ಫಿಲಿಡೋರ್ ಹೆಸರಲ್ಲಿರೋ ಆ ಡಿಫೆನ್ಸ್ ಎದುರಾಳಿಗೆ ಬಾಯಿಪಾಠ ಇತ್ತು. ಜೊತೆಗೆ ಅವನು ಶುರುವಲ್ಲೇ ...h5 ಆಡಿಟ್ಟಿದ್ದ, ನಾನು g4 ತಳ್ಳಿ ಜಾಗ ಹಿಡಿಯೋಕಾಗದ ಹಾಗೆ. ಎಲ್ಲಾ ಪಾನೂ ಒಂದೇ ಕಡೆ ಇರೋದ್ರಿಂದ ಅವನ ರಾಜನಿಗೆ ಎಲ್ಲೂ ಓಡೋ ಕೆಲಸವೇ ಇಲ್ಲ.

ಹಂಗಾದ್ರೆ ತಪ್ಪು ಎಲ್ಲಿ? ನಾನು +0.8 ಇರೋ ಜಾಗದಿಂದ ಮುಂದಕ್ಕೆ ಹುಡುಕ್ತಾ ಇದ್ದೆ, ಹಿಂದಕ್ಕೆ ನೋಡ್ಬೇಕಿತ್ತು. ಅದಕ್ಕೂ ಮೂರು ಮೂವ್ ಮುಂಚೆ ಇಬ್ಬರಿಗೂ ಒಂದೊಂದು a ಪಾನ್ ಇತ್ತು, ನಂಬರ್ +1.5 ಇತ್ತು. ಮುಂದಿರೋನು ಸಿಂಪಲ್ ಮಾಡ್ಕೊಬೇಕು ಅಂತ ಯಾರೋ ಹೇಳಿದ್ದು ತಲೇಲಿ ಇಟ್ಕೊಂಡು ಆ a ಪಾನ್ ಜೋಡಿನ ಬದಲಾಯಿಸಿಬಿಟ್ಟೆ. ಆ ಮಾತು ಪೀಸ್‌ಗಳಿಗೆ, ಪಾನ್‌ಗಳಿಗಲ್ಲ. a ಪಾನ್ ಇದ್ದಿದ್ರೆ ಅವನ ಆನೆ ಅಥವಾ ರಾಜ ಯಾರಾದ್ರೂ ಒಬ್ಬರು ಆ ಕಡೆ ನೋಡ್ಕೊಂಡಿರಬೇಕಿತ್ತು, ನಾನು ಈ ಕಡೆ ಒತ್ತಬಹುದಿತ್ತು. 1.5 ಹೋಗಿ 0.8 ಆಗಿದ್ದಕ್ಕೆ ಸಾಫ್ಟ್‌ವೇರ್ ಬರೀ "ಇನಾಕ್ಯುರಸಿ" ಅಂತ ಸಣ್ಣ ಗುರುತು ಹಾಕಿತ್ತು, ನಾನು ಅದನ್ನ ದಾಟಿ ಕೆಂಪು ಬ್ಲಂಡರ್ ಹುಡುಕ್ತಾ ಮುಂದೆ ಹೋಗಿದ್ದೆ. +6ರಿಂದ +5.3ಕ್ಕೆ ಇಳಿದ್ರೂ ಅಷ್ಟೇ 0.7, ಅಲ್ಲಿ ಏನೂ ಆಗಲ್ಲ. ಇಲ್ಲಿ ಆ 0.7 ಇಳಿದಿದ್ದು 1.00 ಬೇಲಿಯ ಮೇಲಿಂದ ಕೆಳಕ್ಕೆ, ನನ್ನ ಅರ್ಧ ಪಾಯಿಂಟ್ ಹೋಗಿದ್ದು ಅಲ್ಲೇ.