ಕಾಫಿಯ ತಲೆಗೆ ಕಟ್ಟಿದ ನಿದ್ದೆಗೇಡು

ಕಕ್ಕಡ ತಿಂಗಳ ಜಡಿಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ದಮ್ಮಿನವರಿಗೆ ಕಷ್ಟಕಾಲ. ಗೋಡೆಗಳು ಥಂಡಿ ಹಿಡಿದು ಬೂಷ್ಟು ಬರುತ್ತದೆ. ಒಣಗದ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದ್ದರಿಂದ ಒಳಗೆಲ್ಲ ಹೊಗೆ. ಅಂಥ ದಿನಗಳಲ್ಲಿ ಡಾಕ್ಟರು ಬರೆದುಕೊಡುವಂಥ ಒಂದು ಚೀಟಿಯನ್ನು ಇಲ್ಲಿ ಉದಾಹರಣೆಗೆಂದು ಕಟ್ಟಿಕೊಳ್ಳುತ್ತೇನೆ. ಸೋಮವಾರಪೇಟೆ ಕಡೆಯ ಹೆಂಗಸು, ವಯಸ್ಸು 56, ಹಳೆಯ ದಮ್ಮು, ಜೊತೆಗೆ ಮೂಗು ಕಟ್ಟಿದ ನೆಗಡಿ. ಚೀಟಿಯಲ್ಲಿ ಪ್ರೆಡ್ನಿಸೋಲೋನ್ 20 ಮಿಲಿಗ್ರಾಂ 1-0-1, ಐದು ದಿನ. ಥಿಯೋಫಿಲಿನ್ ಇರುವ ಮಾತ್ರೆ 1-0-1. ನೆಗಡಿಯದು 1-1-1. ಮೆಡಿಕಲ್ ಶಾಪಿನವರು ಮೂರೂ ಕವರುಗಳ ಮೇಲೆ ‘ಊಟದ ನಂತರ’ ಎಂದು ಗೀಚಿ ಕೊಡುತ್ತಾರೆ.

ಎರಡನೆಯ ದಿನಕ್ಕೆ ಉಸಿರು ಸಲೀಸಾಗುತ್ತದೆ. ನಿದ್ದೆ ಮಾತ್ರ ಹತ್ತಿರ ಸುಳಿಯುವುದಿಲ್ಲ. ಒಂಬತ್ತೂವರೆಗೆ ಮಲಗಿದವರು ಎರಡು ಗಂಟೆಗೂ ಹೆಂಚಿನ ಮೇಲೆ ಬೀಳುವ ಮಳೆ ಕೇಳುತ್ತ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಗಂಡ ತೀರ್ಪು ಕೊಟ್ಟಾಗಿದೆ: “ಹೊತ್ತು ಮುಳುಗಿದ ಮೇಲೂ ಬೆಲ್ಲದ ಕಾಫಿ ಕುಡಿದ್ರೆ ನಿದ್ದೆ ಎಲ್ಲಿಂದ ಬರುತ್ತೆ ನಿಂಗೆ?” ಕಾಫಿ ಬೆಳೆಯುವ ನಾಡಿನಲ್ಲಿ ಈ ಆರೋಪ ಬಾಯಿಗೆ ಬೇಗ ಬರುತ್ತದೆ. ಆದರೆ ಆಕೆ ಸಂಜೆಯ ಕಾಫಿಯನ್ನು ಮೂವತ್ತು ವರ್ಷದಿಂದ ಕುಡಿಯುತ್ತಿದ್ದಾರೆ, ನಿದ್ದೆ ಕೆಟ್ಟದ್ದು ಮೊನ್ನೆಯಿಂದ. ಮೊನ್ನೆ ಮನೆಗೆ ಹೊಸದಾಗಿ ಬಂದದ್ದು ಆ ಮೂರು ಕವರು.

ಮೂರರಲ್ಲಿ ಮುಖ್ಯ ಆರೋಪಿ ಪ್ರೆಡ್ನಿಸೋಲೋನ್, ಅಂದರೆ ಸ್ಟಿರಾಯ್ಡ್. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ದಿನವೂ ಸುರಿಸುತ್ತವೆ. ಈ ಮಾತ್ರೆ ಅದರದೇ ಬಲಿಷ್ಠ ನಕಲು. ಕಾರ್ಟಿಸಾಲ್‌ಗೆ ದಿನದ ಲಯವೊಂದಿದೆ. ನಡುರಾತ್ರಿಯ ಆಸುಪಾಸಿನಲ್ಲಿ ರಕ್ತದಲ್ಲಿ ಅದು ತೀರಾ ಕಡಿಮೆ. ಬೆಳಗಿನ ಜಾವ ಏರತೊಡಗಿ, ಎದ್ದು ಮುಖ ತೊಳೆಯುವ ಹೊತ್ತಿಗೆ ತುದಿ ಮುಟ್ಟುತ್ತದೆ, ಆಮೇಲೆ ದಿನವಿಡೀ ಇಳಿಯುತ್ತದೆ. ರಾತ್ರಿಯ ಮೊದಲ ಭಾಗದ ಗಾಢ ನಿದ್ದೆ ಬೀಳುವುದು ಈ ಇಳಿತದ ಹೊತ್ತಿನಲ್ಲೇ.

ಈಗ ಲೆಕ್ಕ ಹಾಕೋಣ. ಆರೋಗ್ಯವಂತರ ದೇಹ ಇಡೀ ದಿನದಲ್ಲಿ ತಯಾರಿಸುವ ಕಾರ್ಟಿಸಾಲ್‌ಗೆ ಸಮನಾಗಿ ಬಾಯಿಂದ ಕೊಡಬೇಕಾದರೆ ಅದರದೇ ಔಷಧ ರೂಪವಾದ ಹೈಡ್ರೋಕಾರ್ಟಿಸೋನ್ ಹೆಚ್ಚುಕಡಿಮೆ 15ರಿಂದ 25 ಮಿಲಿಗ್ರಾಂ ಸಾಕು. ಪ್ರೆಡ್ನಿಸೋಲೋನ್ ಅದಕ್ಕಿಂತ ನಾಲ್ಕು ಪಟ್ಟು ಬಲದ್ದು. ಹಾಗಾಗಿ ರಾತ್ರಿ ಊಟವಾದ ಮೇಲೆ ನುಂಗಿದ 20 ಮಿಲಿಗ್ರಾಂ ಅಂದರೆ 80 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್‌ಗೆ ಸಮ. ಮೂರು ದಿನದ್ದಕ್ಕೂ ಮಿಕ್ಕಿದ ಹಾರ್ಮೋನನ್ನು ದೇಹ ‘ಈಗ ಬೇಡ’ ಎನ್ನುವ ಗಳಿಗೆಯಲ್ಲೇ ಸುರಿದಂತಾಯಿತು. ಒಂಬತ್ತಕ್ಕೆ ನುಂಗಿದ್ದು ಹತ್ತು-ಹನ್ನೊಂದರ ಹೊತ್ತಿಗೆ ರಕ್ತದಲ್ಲಿ ತುದಿ ಮುಟ್ಟುತ್ತದೆ. ಅರ್ಧಕ್ಕೆ ಇಳಿಯಲು ಎರಡರಿಂದ ನಾಲ್ಕು ಗಂಟೆ ಬೇಕು. ರಕ್ತದಿಂದ ಹೋದರೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಸ್ಟಿರಾಯ್ಡ್ ಜೀವಕೋಶದೊಳಕ್ಕೆ ಹೊಕ್ಕು ಯಾವ ಜೀನ್ ಎಚ್ಚರವಾಗಿರಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನೇ ಬದಲಿಸುತ್ತದೆ. ಆ ಪರಿಣಾಮ 12ರಿಂದ 36 ಗಂಟೆ ಇರುತ್ತದೆ.

ಸ್ಟಿರಾಯ್ಡ್‌ನ ನಿದ್ದೆಗೇಡಿಗೆ ಒಂದು ಚಹರೆಯಿದೆ. ಮೈ ಸೋತಿರುತ್ತದೆ, ತಲೆ ಮಾತ್ರ ಓಡುತ್ತಿರುತ್ತದೆ. ನಡುರಾತ್ರಿ ಹಸಿವಾಗಿ ಅಡುಗೆಮನೆಗೆ ಹೋಗಿ ಉಳಿದ ಅಕ್ಕಿ ರೊಟ್ಟಿ ತಿನ್ನುವವರಿದ್ದಾರೆ. ಅಷ್ಟು ಎಚ್ಚರವಿದ್ದೂ ಮರುದಿನ ತೂಕಡಿಕೆ ಇರುವುದಿಲ್ಲ, ಬದಲಿಗೆ ಮಾತು ಜಾಸ್ತಿ, ಸಿಡುಕು ಜಾಸ್ತಿ. ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ದಾರಿಯಿಂದಲೂ ನಿದ್ದೆ ಕೆಡುತ್ತದೆ: ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸಿ ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಎಬ್ಬಿಸುತ್ತದೆ. ಮಂಡಿಗೆ ಹಾಕಿಸಿಕೊಂಡ ಸ್ಟಿರಾಯ್ಡ್ ಸೂಜಿಯಿಂದಲೂ ಒಂದೆರಡು ರಾತ್ರಿ ನಿದ್ದೆ ಹೋಗಬಹುದು. ಅದು ಮಾತ್ರೆಯಲ್ಲವಾದ್ದರಿಂದ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪ್ರಮಾಣ ಏರಿದಷ್ಟೂ ತೊಂದರೆ ಏರುತ್ತದೆ. ಬಾಸ್ಟನ್ನಿನ ಔಷಧ ನಿಗಾ ತಂಡವೊಂದು 1972ರಲ್ಲಿ ಪ್ರಕಟಿಸಿದ ಲೆಕ್ಕ ಈಗಲೂ ಪಠ್ಯಗಳಲ್ಲಿದೆ. ಮೈಯೊಳಗೆ ಪ್ರೆಡ್ನಿಸೋಲೋನ್ ಆಗಿಯೇ ಬದಲಾಗುವ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡನ್ನು ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ಗಂಭೀರ ಮಾನಸಿಕ ಏರುಪೇರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, 80 ದಾಟಿದವರಲ್ಲಿ ನೂರಕ್ಕೆ ಹದಿನೆಂಟು. ನಿದ್ದೆಗೇಡು ಅದಕ್ಕಿಂತ ಸೌಮ್ಯ, ಅದಕ್ಕಿಂತ ಬಹಳ ಸಾಮಾನ್ಯ. ಆದರೆ ಎರಡು ರಾತ್ರಿ ಕಣ್ಣೇ ಮುಚ್ಚದೆ, ಮಾತು ಹಳಿ ತಪ್ಪಿ, ಮನೆಯವರ ಮೇಲೆಯೇ ಅನುಮಾನ ಪಡುವಂತಾದರೆ ಐದು ದಿನ ಮುಗಿಯಲೆಂದು ಕಾಯಬಾರದು. ಅಂದೇ ಡಾಕ್ಟರಿಗೆ ತಿಳಿಸಬೇಕು.

ಗಂಡನ ವಾದದಲ್ಲಿ ಹುರುಳೇ ಇಲ್ಲವೆಂದೇನಿಲ್ಲ, ಎರಡನೆಯ ಕವರು ಅವರ ಪರ ಸಾಕ್ಷಿ ಹೇಳುತ್ತದೆ. ಥಿಯೋಫಿಲಿನ್ ಕಾಫಿಯೊಳಗಿನ ಕೆಫೀನಿನ ಒಡಹುಟ್ಟು. ಎರಡರ ಅಣುಗಳಿಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಕುಡಿದ ಕೆಫೀನಿನಲ್ಲಿ ಒಂದು ಸಣ್ಣ ಪಾಲನ್ನು ನಮ್ಮ ಯಕೃತ್ತೇ ಥಿಯೋಫಿಲಿನ್ ಆಗಿ ಮಾರ್ಪಡಿಸುತ್ತದೆ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಸೇರುತ್ತ ಹೋಗಿ ನಿದ್ದೆ ಒತ್ತರಿಸಿಕೊಂಡು ಬರುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಇವೆರಡೂ ಹೋಗಿ ಕೂತುಬಿಡುತ್ತವೆ. ಮೂವತ್ತು ವರ್ಷ ಏನೂ ಮಾಡದ ಸಂಜೆಯ ಲೋಟಕ್ಕೆ ಈ ಮಾತ್ರೆಯ ಬಲ ಕೂಡಿದಾಗ ಹದ ತಪ್ಪಬಹುದು. ಅದೇ ಚೀಟಿಯಲ್ಲಿ ಸಿಪ್ರೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿಕೊಂಡರೆ ಇನ್ನೂ ಕಷ್ಟ. ಯಕೃತ್ತು ಎರಡನ್ನೂ ಹೊರಹಾಕುವ ದಾರಿಗೇ ಅದು ಅಡ್ಡ ನಿಲ್ಲುತ್ತದೆ, ಮಾತ್ರೆಯೂ ಕಾಫಿಯೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ನಿದ್ದೆಗೇಡಿನ ಜೊತೆ ಕೈ ನಡುಕ, ವಾಂತಿ, ಎದೆ ಬಡಿತ ಸೇರಿದರೆ ಥಿಯೋಫಿಲಿನ್ ಅತಿಯಾಗಿದೆ ಎಂಬ ಗುಮಾನಿ ಬರಬೇಕು.

ನೆಗಡಿ ಮಾತ್ರೆಯ ವಿಷಯ ಸ್ವಲ್ಪ ತಮಾಷೆಯದು. ಮೂಗು ಬಿಡಿಸಲೆಂದು ಹಾಕುವ ಔಷಧಿಗಳಲ್ಲಿ ಸ್ಯೂಡೋಎಫೆಡ್ರಿನ್ ನಿಜಕ್ಕೂ ಮೂಗು ಬಿಡಿಸುತ್ತದೆ, ಮೆದುಳಿಗೂ ಹೊಕ್ಕು ನಿದ್ದೆ ಓಡಿಸುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಫಿನೈಲ್‌ಎಫ್ರಿನ್. ಅದು ನಿದ್ದೆ ಕೆಡಿಸುವುದು ಕಡಿಮೆ, ಆದರೆ ನುಂಗಿದ್ದರಲ್ಲಿ ಬಹುಪಾಲು ಕರುಳಿನಲ್ಲೇ ಹಾಳಾಗುವುದರಿಂದ ಮೂಗನ್ನೂ ಬಿಡಿಸುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಇದನ್ನೇ ಒಮ್ಮತದಿಂದ ಹೇಳಿತು. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿದರೆ ಕೆಲವು ನೆಗಡಿ ಮಾತ್ರೆಗಳಲ್ಲಿ ಕೆಫೀನೂ ಸಿಗುತ್ತದೆ. ಕಾಫಿ ಬಿಟ್ಟೆನೆಂದು ವ್ರತ ಹಿಡಿದವರು ರಾತ್ರಿ ಅದನ್ನೇ ಮಾತ್ರೆಯಲ್ಲಿ ನುಂಗುವುದೂ ಉಂಟು.

ಹಾಗಾದರೆ ಮಾಡುವುದೇನು? ಮೂರನೆಯ ದಿನ ಆಕೆ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟೆ: “ಡಾಕ್ಟ್ರೇ, ಪ್ರೆಡ್ನಿಸೋಲೋನ್ ಎರಡನ್ನೂ ಬೆಳಗ್ಗೆ ತಿಂಡಿ ಆದ್ಮೇಲೆ ಒಟ್ಟಿಗೆ ತಗೊಬೋದಾ?” ದಮ್ಮು ಉಲ್ಬಣಿಸಿದಾಗ ದಿನದ 40 ಮಿಲಿಗ್ರಾಂ ಅನ್ನು ಬೆಳಗ್ಗೆ ಒಂದೇ ಸಲ ಕೊಡುವುದು ರೂಢಿಯಲ್ಲಿರುವ ಕ್ರಮವೇ, ಆದ್ದರಿಂದ ಸಾಮಾನ್ಯವಾಗಿ ಉತ್ತರ ‘ಆಗಬಹುದು’. ತೋಟಕ್ಕೆ ಹೋಗುವ ಅವಸರದಲ್ಲಿ ಬರೀ ಕಾಫಿಯ ಮೇಲೆ ನುಂಗಿದರೆ ಹೊಟ್ಟೆ ಉರಿಯುತ್ತದೆ, ಕಡಂಬಿಟ್ಟೋ ನೂಲ್‌ಪುಟ್ಟೋ ಹೊಟ್ಟೆಗೆ ಬಿದ್ದಿರಬೇಕು. ಗಳಿಗೆ ಬದಲಿಸಿದರೂ ನಿದ್ದೆ ಪೂರ್ತಿ ಸರಿಹೋಗದಿರಬಹುದು, 36 ಗಂಟೆಯ ಪರಿಣಾಮವನ್ನು ಮರೆಯುವಂತಿಲ್ಲ. ಡೆಕ್ಸಾಮೆಥಸೋನ್‌ನಂಥ ಇನ್ನೂ ದೀರ್ಘಕಾಲದ ಸ್ಟಿರಾಯ್ಡ್ ಆದರೆ ಬೆಳಗ್ಗೆ ನುಂಗಿದ್ದರ ಲಾಭ ಇನ್ನೂ ಕಡಿಮೆ. ಐದು ದಿನದ ಕೋರ್ಸ್ ಮುಗಿದು ಕೆಲವು ರಾತ್ರಿಗಳಲ್ಲಿ ನಿದ್ದೆ ಮರಳಿದರೆ ಆರೋಪಿ ಸಿಕ್ಕಂತೆಯೇ. ಮೂರು ವಾರಕ್ಕೂ ಹೆಚ್ಚು ಸ್ಟಿರಾಯ್ಡ್ ತೆಗೆದುಕೊಂಡವರು ಮಾತ್ರ ನಿದ್ದೆಗೋಸ್ಕರ ಅದನ್ನು ತಟ್ಟನೆ ನಿಲ್ಲಿಸಕೂಡದು. ಅಷ್ಟರಲ್ಲಿ ಅವರ ಅಡ್ರಿನಲ್ ಗ್ರಂಥಿಗಳು ಕೆಲಸ ಬಿಟ್ಟು ಕೂತಿರುತ್ತವೆ, ರಕ್ತದೊತ್ತಡ ಕುಸಿಯಬಹುದು.

ಒಂದು ವ್ಯತ್ಯಾಸ ಗುರುತಿಸುವುದು ಮುಖ್ಯ. ನಿದ್ದೆ ಬಂದು, ಮೂರು-ನಾಲ್ಕು ಗಂಟೆಗೆ ಕೆಮ್ಮಿ, ಎದೆ ಬಿಗಿದು ಎಚ್ಚರವಾಗುತ್ತಿದ್ದರೆ ಅದು ಮಾತ್ರೆಯ ಕೆಲಸವಲ್ಲ, ದಮ್ಮು ಇನ್ನೂ ಹತೋಟಿಗೆ ಬಂದಿಲ್ಲ. ಅಂಥವರಿಗೆ ಬೇಕಾದದ್ದು ಹೆಚ್ಚಿನ ಚಿಕಿತ್ಸೆ. ಇವೆರಡನ್ನೂ ಬೆರೆಸಿ ‘ನಿದ್ದೆ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಚೀಟಿಗೆ ನಾಲ್ಕನೆಯದಾಗಿ ಮಂಪರು ತರುವ ಆಲ್ಪ್ರಜೋಲಮ್ ಸೇರುವ ಸಾಧ್ಯತೆಯಿದೆ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಇನ್ನೊಂದನ್ನು ಬರೆಯುವ ಈ ಸರಣಿಯನ್ನು ಕೆನಡಾದ ರೋಷನ್ ಮತ್ತು ಅಮೆರಿಕದ ಗುರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲೇ ವಿವರಿಸಿದ್ದರು. ಉಸಿರಿಗೆ ಪರದಾಡುತ್ತಿರುವವರಿಗೆ ನಿದ್ದೆಮಾತ್ರೆ ಅಪಾಯದ್ದೂ ಹೌದು, ಉಸಿರಾಟದ ಒತ್ತಾಸೆಯನ್ನೇ ಅದು ತಗ್ಗಿಸಬಲ್ಲದು.

ಖಿನ್ನತೆಯ ಮಾತ್ರೆಗಳಲ್ಲಿ ಈ ಪತ್ತೇದಾರಿಕೆ ಇಷ್ಟು ಸಲೀಸಲ್ಲ, ಏಕೆಂದರೆ ನಿದ್ದೆಗೇಡು ಖಿನ್ನತೆಯದೇ ಲಕ್ಷಣ. ಫ್ಲುಆಕ್ಸೆಟಿನ್, ಸರ್ಟ್ರಲಿನ್, ಬ್ಯುಪ್ರೋಪಿಯಾನ್ ಮೊದಲಾದವು ಶುರುವಿನಲ್ಲಿ ನಿದ್ದೆ ಕೆಡಿಸಬಹುದು. ಮಾತ್ರೆಗೆ ಮೊದಲು ನಿದ್ದೆ ಹೇಗಿತ್ತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟವರಿಗೆ ಉತ್ತರ ಬೇಗ ಸಿಗುತ್ತದೆ. ಸರ್ಟ್ರಲಿನ್‌ ಅನ್ನು ರಾತ್ರಿಯಿಂದ ಬೆಳಗ್ಗೆಗೆ ತಂದರೆ ಹಲವರಿಗೆ ಅನುಕೂಲ. ಫ್ಲುಆಕ್ಸೆಟಿನ್ ಮತ್ತು ಅದರಿಂದ ಹುಟ್ಟುವ ವಸ್ತು ಮೈಯಲ್ಲಿ ವಾರಗಟ್ಟಲೆ ಉಳಿಯುವುದರಿಂದ ಗಳಿಗೆ ಬದಲಿಸಿದ್ದರ ಫಲ ಅಷ್ಟಕ್ಕಷ್ಟೆ. ನಿದ್ದೆಯೇ ಬೇಡವೆನಿಸಿ, ಉತ್ಸಾಹ ಮಿತಿಮೀರಿ, ದುಡ್ಡು ಖರ್ಚಿಗೆ ಕಡಿವಾಣ ತಪ್ಪಿದರೆ ಅದು ಬೇರೆಯೇ ಸೂಚನೆ, ತಡಮಾಡದೆ ತೋರಿಸಬೇಕು. ಅಂಥದ್ದಲ್ಲದ ನಿದ್ದೆಗೇಡು ಬಹುಮಂದಿಯಲ್ಲಿ ಮೊದಲ ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಇಲ್ಲವೆ ರಾತ್ರಿ ಮಂಪರು ತರುವ ಮಿರ್ಟಾಜಪಿನ್‌ನಂಥದಕ್ಕೆ ಬದಲಿಸುತ್ತಾರೆ. ಆ ಬದಲಾವಣೆಯನ್ನೂ ಮೆಲ್ಲಮೆಲ್ಲನೆ ಮಾಡಬೇಕು, ಇಂಥ ಬಹುತೇಕ ಮಾತ್ರೆಗಳನ್ನು ಒಮ್ಮೆಗೇ ಬಿಟ್ಟರೆ ತಲೆಸುತ್ತು, ಕರೆಂಟು ಹೊಡೆದಂಥ ಜುಮ್ಮು ಮತ್ತು ಮತ್ತದೇ ನಿದ್ದೆಗೇಡು ಕಾಣಿಸಿಕೊಳ್ಳುತ್ತವೆ.