ಲಾಭ: ಗಲ್ಲಾದಲ್ಲಿ ಬಿದ್ದದ್ದೆಲ್ಲ ಅದಲ್ಲ

"ಎಕರೆಗೆ ಐದು ಲಕ್ಷ ಲಾಭ" ಎಂಬ ಸುದ್ದಿಯನ್ನು ಈ ವಾರ ಮತ್ತೆ ಓದಿದೆ. ಕೆಳಗಿನ ವಿವರ ನೋಡಿದರೆ ಐದು ಲಕ್ಷ ಎಂಬುದು ಬೆಳೆ ಮಾರಿ ಬಂದ ಒಟ್ಟು ಹಣ. ಬೀಜ, ಗೊಬ್ಬರ, ಕೂಲಿ, ಸಾಗಣೆ ಯಾವುದನ್ನೂ ಅದರಿಂದ ಕಳೆದಿಲ್ಲ. ಸಿನಿಮಾ ಸುದ್ದಿಯಲ್ಲಿಯೂ ಇದೇ ಪಾಡು. ಗಲ್ಲಾಪೆಟ್ಟಿಗೆಗೆ ಬಂದದ್ದನ್ನು ಬರೆದು, ಮುಂದಿನ ಸಾಲಿನಲ್ಲಿಯೇ ಅದನ್ನು ಲಾಭ ಎಂದು ಕರೆಯುತ್ತಾರೆ. ಮಾರಾಟಕ್ಕೂ ಲಾಭಕ್ಕೂ ನಡುವೆ ಒಂದು ಕಳೆಯುವ ಲೆಕ್ಕ ಇದೆ, ಅದನ್ನು ಯಾರೂ ಮಾಡುತ್ತಿಲ್ಲ. ಹಾಗಾಗಿ ಈ ಪದವನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಲೇಬೇಕಾಗಿದೆ.

ತಪ್ಪಿನ ಬೇರು ಪದದೊಳಗೇ ಇದೆ. ಲಾಭ ಬಂದಿರುವುದು ಸಂಸ್ಕೃತದ 'ಲಭ್' ಧಾತುವಿನಿಂದ. ಪಡೆಯುವುದು, ದೊರಕಿಸಿಕೊಳ್ಳುವುದು ಎಂದು ಅದರ ಅರ್ಥ. ಲಭ್ಯ, ಲಬ್ಧ, ಲಭಿಸು ಎಲ್ಲವೂ ಅದೇ ಬಳ್ಳಿಯವು. ಶಾಲೆಯಲ್ಲಿ ಭಾಗಿಸಿದಾಗ ಬರುವ ಉತ್ತರಕ್ಕೆ ಭಾಗಲಬ್ಧ ಎನ್ನುವುದೂ ಇದರಿಂದಲೇ. ಮೂಲದಲ್ಲಿ ಲಾಭ ಎಂದರೆ ಸಿಕ್ಕದ್ದು, ಅಷ್ಟೆ. ಕೊಟ್ಟದ್ದನ್ನು ಕಳೆದು ಉಳಿದದ್ದು ಎಂಬ ಅರ್ಥ ವ್ಯಾಪಾರದ ಬಳಕೆಯಲ್ಲಿ ಗಟ್ಟಿಯಾಯಿತು. ಹಳೆಯ ಅರ್ಥ ಮಾತ್ರ ಎಲ್ಲೂ ಹೋಗಿಲ್ಲ. ಕಣದಲ್ಲಿ ಕಾಳು ಅಳೆಯುವವರು ಮೊದಲ ಅಳತೆಗೆ "ಒಂದು" ಎನ್ನದೆ "ಲಾಭ" ಎನ್ನುತ್ತಾರೆ, ಆಮೇಲೆ "ಎರಡು" ಎಂದು ಮುಂದುವರಿಯುತ್ತಾರೆ. ಒಂದು ಕಾಳೂ ಮಾರಾಟವಾಗಿರುವುದಿಲ್ಲ, ಆದರೂ ಅದು ಲಾಭ. ಅಲ್ಲಿ ಅದು ಶುಭದ ಮಾತು, ಸರಿಯಾಗಿಯೇ ಇದೆ. ಆ ಶುಭದ ಮಾತನ್ನು ಲೆಕ್ಕದ ಮಾತೆಂದು ತಿಳಿಯುವಲ್ಲಿ ತೊಡಕು.

ಅಚ್ಚಗನ್ನಡದ 'ಗಿಟ್ಟು' ಎಂಬ ಪದವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅದರ ಅರ್ಥವೂ ಸಿಗು, ದೊರೆ ಎಂದೇ. ಆದರೆ ಅಂಗಡಿಯವನು "ಆ ಬೆಲೆಗೆ ಗಿಟ್ಟುವುದಿಲ್ಲ" ಎಂದಾಗ, ದುಡ್ಡು ಸಿಗುವುದಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ಅಸಲು ಕಳೆದರೆ ಏನೂ ಉಳಿಯುವುದಿಲ್ಲ ಎಂದೇ ತಿಳಿಯುತ್ತಾರೆ. ಲಾಭ ಎನ್ನುವಾಗ ಮರೆತುಹೋಗುವ ಕಳೆಯುವ ಲೆಕ್ಕವನ್ನು ಗಿಟ್ಟು ತನ್ನೊಳಗೆ ಇಟ್ಟುಕೊಂಡೇ ಬಂದಿದೆ. ನನಗೆ ಇದು ಬಹಳ ಹಿಡಿಸಿದ ಪದ, ಬರವಣಿಗೆಯಲ್ಲಿ ಇದನ್ನು ಇನ್ನಷ್ಟು ಬಳಸಬೇಕು.

ಅಸಲು ಅರಬ್ಬಿಯಿಂದ ಬಂದದ್ದು, ಬೇರು ಅಥವಾ ಮೂಲ ಎಂದು ಅರ್ಥ. ಈ ಬೇರನ್ನು ಕಂಡುಹಿಡಿಯುವುದು ಅಂದುಕೊಂಡಷ್ಟು ಸುಲಭವಲ್ಲ. ಕಲಬುರಗಿಯ ನಮ್ಮ ಓಣಿಯ ಹುಡುಗನೊಬ್ಬ ಬೇಸಿಗೆ ರಜೆಯಲ್ಲಿ ಲಿಂಬೆ ಶರಬತ್ತು ಮಾರಲು ಕುಳಿತಾಗ ಅದನ್ನು ಹತ್ತಿರದಿಂದ ನೋಡಿದೆ.

ಏಳನೆಯ ತರಗತಿ ಮುಗಿಸಿದ ಹುಡುಗ. ಬೇವಿನ ಮರದ ನೆರಳಿನಲ್ಲಿ ಒಂದು ಮೇಜು, ಅದರ ಮೇಲೆ ಮಣ್ಣಿನ ಗಡಿಗೆ, ಪಕ್ಕದಲ್ಲಿ ಗೋಣಿಚೀಲ ಸುತ್ತಿದ ಬರ್ಫಿನ ತುಂಡು. ಲೋಟಕ್ಕೆ 15 ರೂಪಾಯಿ. ಮೊದಲ ದಿನದ ಖರೀದಿ ಹೀಗಿತ್ತು: 25 ಲಿಂಬೆಹಣ್ಣು, ಒಂದಕ್ಕೆ 6 ರೂಪಾಯಿಯಂತೆ 150. ಒಂದು ಕಿಲೋ ಸಕ್ಕರೆಗೆ 45. ಬರ್ಫಿಗೆ 60. ಕಾಗದದ ಲೋಟಗಳು ನೂರರ ಕಟ್ಟಿನಲ್ಲಿಯೇ ಸಿಗುವುದರಿಂದ ಅದಕ್ಕೆ 100. ನೀರು ಮನೆಯದು. ಒಟ್ಟು 355 ರೂಪಾಯಿ. ಸಂಜೆಯ ಹೊತ್ತಿಗೆ 40 ಲೋಟ ಮಾರಾಟವಾಗಿ ಡಬ್ಬಿಯಲ್ಲಿ 600 ರೂಪಾಯಿ ಸೇರಿತ್ತು.

"ಕಾಕಾ, ಆರುನೂರು ರೂಪಾಯಿ ಲಾಭ!" ಎಂದು ಹುಡುಗ ಓಡಿ ಬಂದ. ಅವನ ತಂದೆ ತಿದ್ದಿದರು: "ಖರ್ಚು ಕಳೆಯಬೇಕಪ್ಪ. ಮುನ್ನೂರ ಐವತ್ತೈದು ಹೋದರೆ ಇನ್ನೂರ ನಲವತ್ತೈದು ಲಾಭ." ಮಗನಿಗಿಂತ ತಂದೆ ಸತ್ಯಕ್ಕೆ ಹತ್ತಿರ ಬಂದಿದ್ದರು, ಆದರೆ ಮುಟ್ಟಿರಲಿಲ್ಲ. ಮೇಜಿನ ಕೆಳಗೆ ಇನ್ನೂ 60 ಲೋಟಗಳು ಇದ್ದವು. ಇಡೀ ಲಿಂಬೆಹಣ್ಣು ಐದು ಇದ್ದವು, ಸಕ್ಕರೆ 200 ಗ್ರಾಂ ಇತ್ತು. ಅವು ನಾಳೆ ಮಾರಾಟವಾಗುವ ಸರಕು, ಇಂದಿನ ಲೋಟಗಳ ಮೇಲೆ ಅವುಗಳ ಭಾರ ಹಾಕುವಂತಿಲ್ಲ.

"ತಮ್ಮಾ, ಒಂದು ಲೋಟಕ್ಕೆ ಏನೇನು ಹಾಕಿದೆ ಹೇಳು" ಎಂದೆ. ಅರ್ಧ ಹಣ್ಣು, 20 ಗ್ರಾಂ ಸಕ್ಕರೆ, ಒಂದು ಲೋಟ ಎಂದ. ಅರ್ಧ ಹಣ್ಣಿಗೆ 3 ರೂಪಾಯಿ, ಸಕ್ಕರೆಗೆ 90 ಪೈಸೆ, ಕಾಗದದ ಲೋಟಕ್ಕೆ 1 ರೂಪಾಯಿ. ಕೂಡಿದರೆ 4 ರೂಪಾಯಿ 90 ಪೈಸೆ. ಅಲ್ಲಿಗೆ ಬಂದು ಹುಡುಗ ನಿಂತುಬಿಟ್ಟ. "ಬರ್ಫು ಎಷ್ಟೆಂದು ಬರೆಯಲಿ ಕಾಕಾ? ಅದನ್ನು ಅಳೆದು ಹಾಕಲಿಲ್ಲ, ಉಳಿದದ್ದು ಕರಗಿಹೋಯಿತು."

ಅವನು ನಿಂತದ್ದು ಸರಿಯಾದ ಜಾಗದಲ್ಲಿಯೇ. ಲಿಂಬೆ, ಸಕ್ಕರೆ, ಲೋಟ ಮೂರೂ ಮಾರಿದಷ್ಟೇ ಖರ್ಚಾಗುತ್ತವೆ. ಬರ್ಫು ಹಾಗಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ನೀವು ನಲವತ್ತು ಲೋಟ ಮಾರಿ, ನಾಲ್ಕು ಲೋಟ ಮಾರಿ, ಸಂಜೆಗೆ ಗೋಣಿಚೀಲದಲ್ಲಿ ಉಳಿಯುವುದು ತೇವ ಮಾತ್ರ. ಆದ್ದರಿಂದ 60 ರೂಪಾಯಿ ಪೂರ್ತಿಯಾಗಿ ಆ ದಿನದ ತಲೆಯ ಮೇಲೆ. ಮಾರಿದ ಲೋಟಗಳಿಗೆ ಅದನ್ನು ಹಂಚಬೇಕು: 60ನ್ನು 40ರಿಂದ ಭಾಗಿಸಿದರೆ ಭಾಗಲಬ್ಧ ಒಂದೂವರೆ ರೂಪಾಯಿ. ಹಾಗಾಗಿ ಅಂದಿನ ಲೋಟದ ಅಸಲು 6 ರೂಪಾಯಿ 40 ಪೈಸೆ, ಲಾಭ 8 ರೂಪಾಯಿ 60 ಪೈಸೆ. ನಲವತ್ತು ಲೋಟಕ್ಕೆ 344 ರೂಪಾಯಿ. ಹುಡುಗ ಹೇಳಿದ 600 ಅಲ್ಲ, ತಂದೆ ಹೇಳಿದ 245 ಕೂಡ ಅಲ್ಲ.

ಮರುದಿನ ಹುಡುಗ 20 ಹಣ್ಣು, ಒಂದು ಕಿಲೋ ಸಕ್ಕರೆ, ಮತ್ತೆ 60 ರೂಪಾಯಿಯ ಬರ್ಫು ತಂದ. ಖರ್ಚು 225 ರೂಪಾಯಿ. ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು, ರಸ್ತೆ ಖಾಲಿಯಾಯಿತು. ಮಾರಿದ್ದು 12 ಲೋಟ, ಬಂದದ್ದು 180 ರೂಪಾಯಿ. ತಂದೆ ಡಬ್ಬಿ ಎಣಿಸಿ "ಇಂದು ನಲವತ್ತೈದು ರೂಪಾಯಿ ನಷ್ಟ" ಎಂದರು. ಹುಡುಗನಿಗೆ ಲೋಟಕ್ಕೆ 8 ರೂಪಾಯಿ 60 ಪೈಸೆ ಎಂಬ ಹಿಂದಿನ ದಿನದ ಉತ್ತರ ಬಾಯಿಪಾಠವಾಗಿತ್ತು. ಅವನು "ನೂರ ಮೂರು ರೂಪಾಯಿ ಲಾಭ ಬರಬೇಕಲ್ಲ?" ಎಂದು ತಂದೆಯೊಡನೆ ವಾದಕ್ಕೆ ಇಳಿದ.

ಇಬ್ಬರ ಲೆಕ್ಕವೂ ತಪ್ಪು. 12 ಲೋಟಕ್ಕೆ 4.90ರಂತೆ 58 ರೂಪಾಯಿ 80 ಪೈಸೆ, ಅದಕ್ಕೆ ಬರ್ಫಿನ 60 ಸೇರಿಸಿದರೆ 118 ರೂಪಾಯಿ 80 ಪೈಸೆ. 180ರಲ್ಲಿ ಇದನ್ನು ಕಳೆದರೆ 61 ರೂಪಾಯಿ 20 ಪೈಸೆ ಲಾಭ. ಲೋಟಕ್ಕೆ 5 ರೂಪಾಯಿ 10 ಪೈಸೆ. ಬರ್ಫಿನ ಪಾಲು ಒಂದೂವರೆಯಿಂದ 5 ರೂಪಾಯಿಗೆ ಏರಿದ್ದರಿಂದ ಅದೇ ಲೋಟ, ಅದೇ ಬೆಲೆಯಾದರೂ ಲಾಭ ಇಳಿಯಿತು. ಲೋಟಕ್ಕೆ ಇಷ್ಟು ಲಾಭ ಎಂಬುದು ಲೋಟಕ್ಕೆ ಅಂಟಿಕೊಂಡ ಗುಣವಲ್ಲ. ಎಷ್ಟು ಲೋಟ ಮಾರಿದೆವು ಎಂಬುದರ ಮೇಲೆ ಅದು ದಿನದಿನವೂ ಬದಲಾಗುತ್ತದೆ. ಐದೇ ಲೋಟ ಮಾರಿದ್ದರೆ ಒಂಬತ್ತೂವರೆ ರೂಪಾಯಿ ನಷ್ಟ, ಆರನೆಯ ಲೋಟಕ್ಕೆ ಬರ್ಫಿನ ಹಣ ಹುಟ್ಟುತ್ತದೆ.

ತಂದೆಗೆ ಒಪ್ಪಿಗೆಯಾಗಲಿಲ್ಲ. ಕೈಯಿಂದ 45 ರೂಪಾಯಿ ಹೋಗಿದೆ, ಲಾಭ ಎಲ್ಲಿಂದ ಬಂತು ಎಂದರು. ಹಾಗಾಗಿ ಎರಡೂ ದಿನವನ್ನು ಕೂಡಿಸಿ ನೋಡಿದೆವು. ಬಂದದ್ದು 780, ಕೊಟ್ಟದ್ದು 580, ಕೈಯಲ್ಲಿ 200. ಉಳಿದ ಸರಕನ್ನು ಹುಡುಗ ಎಣಿಸಿದ: 19 ಹಣ್ಣಿಗೆ 114 ರೂಪಾಯಿ, 960 ಗ್ರಾಂ ಸಕ್ಕರೆಗೆ 43 ರೂಪಾಯಿ 20 ಪೈಸೆ, 48 ಲೋಟಕ್ಕೆ 48. ಒಟ್ಟು 205 ರೂಪಾಯಿ 20 ಪೈಸೆ. ಕೈಯಲ್ಲಿದ್ದ ಹಣಕ್ಕೆ ಇದನ್ನು ಸೇರಿಸಿದರೆ 405 ರೂಪಾಯಿ 20 ಪೈಸೆ. ಎರಡು ದಿನದ ಲಾಭ 344 ಮತ್ತು 61.20 ಕೂಡಿದರೂ ಅಷ್ಟೇ. ಡಬ್ಬಿಯಿಂದ ಹೋದ ಹಣ ಲಿಂಬೆಹಣ್ಣಾಗಿ, ಸಕ್ಕರೆಯಾಗಿ ಮೂಲೆಯಲ್ಲಿ ಕುಳಿತಿತ್ತು. ಇದನ್ನು ನಷ್ಟ ಎನ್ನುವುದು, ಮಾರಾಟವನ್ನು ಲಾಭ ಎನ್ನುವುದರಷ್ಟೇ ದೊಡ್ಡ ತಪ್ಪು. ನಶಿಸಿದ್ದು ನಷ್ಟ. ಕೈ ಬದಲಾದದ್ದು ನಷ್ಟವಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಆ 19 ಹಣ್ಣು ಇಡಿಯಾಗಿ, ರಸ ತುಂಬಿಕೊಂಡು ಇರುವವರೆಗೆ ಮಾತ್ರ 114 ರೂಪಾಯಿ. ಕೆಲಸ ಬೇಗ ಮುಗಿಯಲೆಂದು ಬೆಳಿಗ್ಗೆಯೇ ಎಲ್ಲವನ್ನೂ ಹಿಂಡಿಟ್ಟರೆ ಸಂಜೆಗೆ ರಸ ಕಹಿಯಾಗುತ್ತದೆ, ಮರುದಿನಕ್ಕೆ ಬರುವುದಿಲ್ಲ. ಆಗ ಲಿಂಬೆಯೂ ಬರ್ಫಿನ ಸಾಲಿಗೆ ಸೇರುತ್ತದೆ, ಮಾರಿದರೂ ಬಿಟ್ಟರೂ ಅದರ ಪೂರ್ತಿ ಬೆಲೆ ಆ ದಿನದ ಅಸಲಿಗೆ ಬೀಳುತ್ತದೆ. ಎರಡನೆಯ ದಿನ 25 ಹಣ್ಣನ್ನೂ ಹಿಂಡಿದ್ದರೆ 61 ರೂಪಾಯಿ 20 ಪೈಸೆಯ ಲಾಭ ಹೋಗಿ 52 ರೂಪಾಯಿ 80 ಪೈಸೆಯ ನಿಜವಾದ ನಷ್ಟವೇ ಆಗುತ್ತಿತ್ತು.

ಶಾಲೆಯ ಪಾಠದಲ್ಲಿ ಲಾಭ ಎಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು. ಕುರ್ಚಿ ಕೊಂಡು ಕುರ್ಚಿ ಮಾರುವವನಿಗೆ ಇಷ್ಟು ಸಾಕು. ಆದರೆ ಶರಬತ್ತಿನ ಲೋಟವನ್ನು ಹುಡುಗ ಎಲ್ಲೂ ಕೊಂಡಿಲ್ಲ. ಅದರ ಕೊಂಡ ಬೆಲೆಯನ್ನು ಅವನೇ ಕಟ್ಟಬೇಕು, ಹಣ್ಣು ಹಣ್ಣಾಗಿ, ಗ್ರಾಂ ಗ್ರಾಂ ಆಗಿ. ಜೊತೆಗೆ ಈ ಲಾಭದಲ್ಲಿ ಅವನ ಸ್ವಂತ ದುಡಿಮೆಯ ಕೂಲಿಯನ್ನು ಕಳೆದಿಲ್ಲ, ಮೇಜು, ಗಡಿಗೆ ಮನೆಯವು, ನೆರಳಿಗೆ ಬಾಡಿಗೆ ಇಲ್ಲ. ಪ್ರತಿದಿನ ಕೂಲಿಯಾಳು ಇಟ್ಟು ನಡೆಸುವ ಬಂಡಿಯವನಿಗೆ ಇದೇ 12 ಲೋಟ ಖಂಡಿತ ಗಿಟ್ಟುವುದಿಲ್ಲ.

ಮೂರನೆಯ ದಿನ ಹುಡುಗ ಬರ್ಫನ್ನು 30 ರೂಪಾಯಿಯಷ್ಟೇ ತಂದ, ಬೇಕಾದರೆ ಮಧ್ಯಾಹ್ನ ಮತ್ತೆ ಹೋಗುತ್ತೇನೆ ಎಂದ. ನೋಟುಪುಸ್ತಕದಲ್ಲಿ ಹೊಸ ಪುಟಕ್ಕೆ ಗೆರೆ ಎಳೆದು ನಾಲ್ಕು ಅಂಕಣ ಮಾಡಿದ್ದ: ಬಂದದ್ದು, ಕೊಟ್ಟದ್ದು, ಉಳಿದ ಸರಕು, ಲಾಭ. ಬೆಳಿಗ್ಗೆ ಮೊದಲ ಲೋಟ ಮಾರಿ 15 ರೂಪಾಯಿಯನ್ನು ಮೊದಲ ಅಂಕಣದಲ್ಲಿ ಬರೆದ. ಕೊನೆಯದನ್ನು ಸಂಜೆಯ ಎಣಿಕೆಗೆಂದು ಖಾಲಿ ಬಿಟ್ಟ.