ಬಿಳಿ ಕುರ್ತಾ, ಕಪ್ಪು ಕುರ್ತಾ: Hue ಎಳೆದ್ರೂ ಬಣ್ಣ ಯಾಕೆ ಬದಲಾಗಲ್ಲ?

ಪ್ರಶ್ನೆ: ಫೋಟೋಶಾಪಲ್ಲಿ ಕೆಂಪು ಕುರ್ತಾ ಫೋಟೋಗೆ Hue/Saturation ಹಾಕಿ ಸ್ಲೈಡರ್ ಎಳೆದ್ರೆ ಹಸಿರು, ನೀಲಿ ಏನ್ ಬೇಕಾದ್ರೂ ಆಗತ್ತೆ. ಅದೇ ಕುರ್ತಾದ ಬಿಳಿ ಪೀಸ್ ಫೋಟೋಗೆ ಮಾಡಿದ್ರೆ ಏನೂ ಆಗ್ತಿಲ್ಲ, ಕಪ್ಪಿಗೂ ಅಷ್ಟೇ. Saturation ಪೂರ್ತಿ ಏರಿಸಿದ್ರೆ ಮಡಿಕೆಗಳಲ್ಲಿ ಮಾತ್ರ ನೀಲಿ ನೀಲಿ ಕಲೆ ಬರತ್ತೆ. ನನಗೆ ಬಿಳಿಯನ್ನ ಮರೂನ್ ಮಾಡ್ಬೇಕು, ಕಪ್ಪನ್ನ ಸಾಸಿವೆ ಹಳದಿ ಮಾಡ್ಬೇಕು. ಹೇಗೆ?

ಉತ್ತರ: ನಿಮ್ಮ ಸಾಫ್ಟ್‌ವೇರ್‌ಗೆ ಏನೂ ಆಗಿಲ್ಲ, ಆ ಸ್ಲೈಡರ್ ಮಾಡೋ ಕೆಲಸಾನೇ ಬೇರೆ. Hue ಅನ್ನೋದು ಬಣ್ಣ ಹಚ್ಚಲ್ಲ, ಇರೋ ಬಣ್ಣವನ್ನ ಚಕ್ರದ ಮೇಲೆ ಸುತ್ತಿಸತ್ತೆ ಅಷ್ಟೇ. ಕೆಂಪು ಕುರ್ತಾದ ಒಂದು ಪಿಕ್ಸೆಲ್ ತಗೊಳ್ಳಿ, ಅದರ ಕೆಂಪು-ಹಸಿರು-ನೀಲಿ ಅಂಕಿ, ಒಂದೊಂದೂ 0ರಿಂದ 255ರ ಒಳಗೆ ಇರತ್ತೆ, 190, 30, 40 ಅಂತ ಇಟ್ಕೊಳ್ಳಿ. Hue ಸ್ಲೈಡರನ್ನ +120ಕ್ಕೆ ತಂದ್ರೆ ಮೂರೂ ಅಂಕಿ ಒಂದೊಂದು ಜಾಗ ಮುಂದಕ್ಕೆ ಹೋಗಿ 40, 190, 30 ಆಗತ್ತೆ, ಅಂದ್ರೆ ಹಸಿರು. ಈಗ ಬಿಳಿ ಕುರ್ತಾದ ಪಿಕ್ಸೆಲ್ ನೋಡಿ, 240, 240, 240. ಇದರ ಅಂಕಿಗಳನ್ನ ಎಷ್ಟ್ ಸಲ ಬೇಕಾದ್ರೂ ಜಾಗ ಬದಲಾಯಿಸಿ, ಬರೋದು ಮತ್ತೆ 240, 240, 240. ಕಪ್ಪು 15, 15, 15 ಇದ್ರೂ ಇದೇ ಕಥೆ. ಸುತ್ತಿಸೋಕೆ ಅಲ್ಲಿ ಏನಾದ್ರೂ ಇದ್ರೆ ತಾನೇ?

ಮಡಿಕೆಯಲ್ಲಿ ನೀಲಿ ಕಲೆ ಬಂದಿದ್ದಕ್ಕೂ ಇದೇ ಕಾರಣ. ಬಿಳಿ ಬಟ್ಟೆ ಫೋಟೋದಲ್ಲಿ ಎಲ್ಲಾ ಕಡೆ ಪೂರ್ತಿ ಬಿಳಿ ಇರಲ್ಲ, ಕಿಟಕಿ ಹತ್ರ ತೆಗೆದಿದ್ರೆ ನೆರಳಿರೋ ಕಡೆ ಆಕಾಶದ ಬೆಳಕು ಬಿದ್ದು 178, 182, 190 ಅಂತೇನೋ ಇರತ್ತೆ, ಕಣ್ಣಿಗೆ ಅದು ಬೂದು ಅಂತಾನೇ ಕಾಣೋದು. Saturation ಏರಿಸಿದಾಗ ಆ ಚೂರು ನೀಲೀನೇ ಹಿಗ್ಗಿ ಕಲೆ ಆಗತ್ತೆ. ಅದು ಬಟ್ಟೆಯ ಬಣ್ಣ ಅಲ್ಲ, ಬೆಳಕಿನ ಬಣ್ಣ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಸರಿ, ಹಾಗಾದ್ರೆ Colorize ಟಿಕ್ ಮಾಡಿದ್ರೆ? ತುಂಬ ಜನ ಮೊದಲು ಹೇಳೋದು ಅದನ್ನೇ, ಮತ್ತೆ ಅದು ಅರ್ಧ ಮಾತ್ರ ಕೆಲಸ ಮಾಡತ್ತೆ. ಅದು ಪಿಕ್ಸೆಲ್‌ನ ಬೆಳಕಿನ ಮಟ್ಟವನ್ನ ಹಾಗೇ ಇಟ್ಕೊಂಡು ಒಂದೇ ಬಣ್ಣ ತುಂಬತ್ತೆ, ಆದ್ರೆ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಬಣ್ಣ ತುಂಬೋಕೆ ಜಾಗಾನೇ ಇಲ್ಲ. 240ರ ಬೆಳಕಿರೋ ಪಿಕ್ಸೆಲ್‌ಗೆ ಎಷ್ಟೇ ಗಾಢವಾಗಿ ಬಣ್ಣ ಕೊಟ್ರೂ ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ವ್ಯತ್ಯಾಸ ಹೆಚ್ಚಂದ್ರೆ 30 ಬರಬಹುದು, ಅಂದ್ರೆ ತೆಳು ಗುಲಾಬಿ. 15ರ ಕಪ್ಪಿಗೂ ಅದೇ 30. ಮರೂನ್‌ಗೆ ಸುಮಾರು 110 ವ್ಯತ್ಯಾಸ ಬೇಕು. Lightness ಇಳಿಸಿದ್ರೆ ಬಣ್ಣ ಬರತ್ತೆ ನಿಜ, ಅರ್ಜೆಂಟಿಗೆ ನಡೆಯತ್ತೆ, ಆದ್ರೆ ನಿಮ್ಮ ಹತ್ರ ಇರೋ ಮರೂನ್ ಬಟ್ಟೆಗೆ ಸರಿಯಾಗಿ ಹೊಂದೋ ಬಣ್ಣಾನೇ ಬೇಕು ಅಂದ್ರೆ ಮೂರು ಸ್ಲೈಡರ್ ಹಿಡ್ಕೊಂಡು ಗುದ್ದಾಡ್ಬೇಕು.

ಬಿಳಿಗೆ ಸರಿಯಾದ ದಾರಿ ಗುಣಾಕಾರ. ಯಾಕೆ ಅಂದ್ರೆ ನಿಜವಾದ ಬಟ್ಟೆಯಲ್ಲೂ ಆಗೋದು ಗುಣಾಕಾರಾನೇ: ಬಿದ್ದ ಬೆಳಕು ಎಷ್ಟು, ಅದರಲ್ಲಿ ಬಟ್ಟೆ ವಾಪಸ್ ಕಳಿಸೋದು ಎಷ್ಟು ಭಾಗ, ಎರಡನ್ನೂ ಗುಣಿಸಿದ್ರೆ ಕ್ಯಾಮೆರಾಗೆ ಸಿಗೋದು ಬರತ್ತೆ. ಬಿಳಿ ಬಟ್ಟೆ ಹೆಚ್ಚುಕಮ್ಮಿ ಬಿದ್ದಿದ್ದನ್ನೆಲ್ಲಾ ವಾಪಸ್ ಕಳಿಸತ್ತೆ, ಹಾಗಾಗಿ ಬಿಳಿ ಕುರ್ತಾ ಫೋಟೋ ಅಂದ್ರೆ ಎಲ್ಲೆಲ್ಲಿ ಎಷ್ಟೆಷ್ಟು ಬೆಳಕು ಬಿದ್ದಿದೆ ಅನ್ನೋ ನಕ್ಷೆ ಇದ್ದ ಹಾಗೆ. ಅದಕ್ಕೆ ಮರೂನನ್ನ ಗುಣಿಸಿಬಿಟ್ರೆ ಮರೂನ್ ಕುರ್ತಾ ಅದೇ ಬೆಳಕಲ್ಲಿ ಹೇಗೆ ಕಾಣ್ತಿತ್ತೋ ಹಾಗೇ ಕಾಣತ್ತೆ.

ಮಾಡೋದು ಹೀಗೆ. ಮೊದಲು ಕುರ್ತಾನ ಮಾತ್ರ ಸೆಲೆಕ್ಟ್ ಮಾಡಿ ಒಂದು ಖಾಲಿ ಗ್ರೂಪ್‌ಗೆ ಮಾಸ್ಕ್ ಹಾಕಿ, ಗುಂಡಿ, ಜರಿ ಪಟ್ಟಿ ಇದ್ರೆ ಮಾಸ್ಕಿಂದ ಹೊರಗೆ ಬಿಡಿ. ಗ್ರೂಪ್ ಒಳಗೆ ಕೆಳಗಡೆ ಒಂದು Hue/Saturation ಹಾಕಿ Saturation −100 ಮಾಡಿ. ಈ ಹೆಜ್ಜೇನ ಬಹಳ ಜನ ಬಿಡ್ತಾರೆ, ಬಿಟ್ರೆ ಆ ನೆರಳಿನ ನೀಲಿ ಹೋಗಿ ಹೊಸ ಬಣ್ಣಕ್ಕೆ ಸೇರ್ಕೊಳ್ಳತ್ತೆ, ಮರೂನಲ್ಲಿ ಅಷ್ಟು ಗೊತ್ತಾಗಲ್ಲ ಆದ್ರೆ ಹಳದಿ ಮಾಡಿದಾಗ ಮಡಿಕೆಗಳು ಒಂಚೂರು ಹಸಿರು ಕಡೆ ವಾಲಬಹುದು. ಅದರ ಮೇಲೆ Layer > New Fill Layer > Solid Color ಹೋಗಿ ಬೇಕಾದ ಮರೂನ್ ಕೊಡಿ, 130, 20, 45 ಅಂತ ಇಟ್ಕೊಳ್ಳೋಣ, ಆ ಲೇಯರ್‌ನ ಬ್ಲೆಂಡ್ ಮೋಡ್ Multiply ಮಾಡಿ. ಗಿಂಪ್‌ನಲ್ಲಾದ್ರೆ ಬಣ್ಣ ತುಂಬಿದ ಒಂದು ಲೇಯರ್ ಮೇಲಿಟ್ಟು ಅದರ ಮೋಡ್ ಅನ್ನ Multiply ಮಾಡಿದ್ರೂ ಇದೇ ಕೆಲಸ.

ಲೆಕ್ಕ ನೋಡಿ:

```
ಫಲಿತಾಂಶ = ಬಟ್ಟೆಯ ಅಂಕಿ × ಬಣ್ಣದ ಅಂಕಿ ÷ 255
```

ಎದೆ ಮೇಲೆ ಬೆಳಕು ಬಿದ್ದಿರೋ ಕಡೆ ಬಿಳಿ 235 ಇತ್ತು ಅಂದ್ರೆ ಅದು 120, 18, 41 ಆಗತ್ತೆ. ತೋಳಿನ ಹತ್ರದ ಆಳವಾದ ಮಡಿಕೆಯಲ್ಲಿ 120 ಇತ್ತು ಅಂದ್ರೆ 61, 9, 21 ಆಗತ್ತೆ. ಮೊದಲು ಮಡಿಕೆ ಎದೆಗಿಂತ ಸುಮಾರು ಅರ್ಧ ಇತ್ತು, ಈಗಲೂ ಅರ್ಧಾನೇ ಇದೆ. ಬಟ್ಟೆಯ ಆಕಾರ ಒಂಚೂರೂ ಕೆಡಲಿಲ್ಲ. ಎಲ್ಲಾ ಒಂದು ಮೆಟ್ಟಿಲು ಕತ್ತಲೆ ಅನ್ಸಿದ್ರೆ Solid Color ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ ಸ್ವಲ್ಪ ತಿಳಿಯಾದ ಮರೂನ್ ಆರಿಸಿ ಸಾಕು. ಒಪ್ಪಾಸಿಟಿ ಇಳಿಸೋಕೆ ಹೋಗ್ಬೇಡಿ, ಬಿಳಿ ಇಣುಕಿ ಬಣ್ಣ ತೊಳೆದ ಹಾಗಾಗತ್ತೆ.

ಇಷ್ಟಾದ್ರೂ ಕೆಡೋದು ಎಲ್ಲಿ ಅಂದ್ರೆ ಬೆಳಕು ಸಿಡಿದು ಹೋಗಿರೋ ಜಾಗದಲ್ಲಿ. ಬಿಳಿ ಬಟ್ಟೆ ಫೋಟೋ ಚೆನ್ನಾಗಿ ಬೆಳ್ಳಗೆ ಬರ್ಲಿ ಅಂತ ಎಕ್ಸ್‌ಪೋಷರ್ ಏರಿಸಿ ತೆಗೆದಿರ್ತಾರೆ, ಭುಜದ ಮೇಲೆ ಪೂರ್ತಿ 255, 255, 255. ಬಿಳಿಯಾಗಿದ್ದಾಗ ಅದು ಕಣ್ಣಿಗೆ ಬೀಳಲ್ಲ, ಮರೂನ್ ಆದ ತಕ್ಷಣ ಅಲ್ಲಿ ನೇಯ್ಗೆ ಇಲ್ಲ, ಮಡಿಕೆ ಇಲ್ಲ, ಪೇಂಟ್ ಡಬ್ಬ ಸುರಿದ ಹಾಗೆ ಚಪ್ಪಟೆ ತುಂಡು ಕಾಣತ್ತೆ. ಕೆಲಸ ಶುರು ಮಾಡೋಕೆ ಮುಂಚೆ Info ಪ್ಯಾನೆಲ್ ತೆಗೆದು ಮೌಸನ್ನ ಭುಜ, ಎದೆ ಮೇಲೆ ಆಡಿಸಿ ನೋಡಿ, 255ರಲ್ಲೇ ನಿಂತುಬಿಟ್ಟಿದ್ರೆ ಆ ಫೋಟೋ ಬಿಡಿ. ರಾ ಫೈಲ್ ಇದ್ರೆ Highlights ಇಳಿಸಿ ಸ್ವಲ್ಪ ವಾಪಸ್ ತರಬಹುದು, ಜೆಪೆಗ್ ಆದ್ರೆ ಇಲ್ಲದ ನೇಯ್ಗೆ ಎಲ್ಲಿಂದ ಬರತ್ತೆ?

ಇನ್ನೊಂದು ಚಿಕ್ಕದು, ಗಲ್ಲದ ಕೆಳಗೆ ನೋಡಿ. ಬಿಳಿ ಕುರ್ತಾ ಬೆಳಕನ್ನ ಮೇಲಕ್ಕೆ ಎಸೆದು ಗಲ್ಲದ ಅಡಿ ಬೆಳಗಿಸಿರತ್ತೆ, ಮರೂನ್ ಕುರ್ತಾ ಹಾಗೆ ಮಾಡಲ್ಲ. ಏನೋ ಸರಿಯಿಲ್ಲ ಅನ್ಸತ್ತೆ ಆದ್ರೆ ಏನು ಅಂತ ಗೊತ್ತಾಗಲ್ಲ ಅಂದಾಗ ಬಹಳ ಸಲ ಇದೇ ಇರತ್ತೆ. ಅಲ್ಲಿ ಸಾಫ್ಟ್ ಬ್ರಷ್ಷಲ್ಲಿ ಒಂಚೂರು ಕತ್ತಲೆ ಮಾಡಿದ್ರೆ ಮುಖ ಬಟ್ಟೆ ಎರಡೂ ಒಂದೇ ಫೋಟೋದವು ಅನ್ಸತ್ತೆ.

ಈಗ ಕಪ್ಪು, ಇದು ಕಷ್ಟದ್ದು. ಗುಣಾಕಾರ ಇಲ್ಲಿ ನಡೆಯಲ್ಲ, 15ನ್ನ ಯಾವ ಬಣ್ಣದ ಜೊತೆ ಗುಣಿಸಿ 255ರಿಂದ ಭಾಗಿಸಿದ್ರೂ 15ಕ್ಕಿಂತ ಮೇಲೆ ಹೋಗಲ್ಲ. ಕೆಲವರು ಬ್ಲೆಂಡ್ ಮೋಡ್ Screen ಮಾಡಿ ಅಂತಾರೆ. ಮಾಡಿದ್ರೆ ಬಣ್ಣ ಬರತ್ತೆ, ಆದ್ರೆ ಆಳವಾದ ಮಡಿಕೆ ಮೇಲೂ ಅದೇ ಬಣ್ಣ ಬಂದು ಕೂತು ಎಲ್ಲಾ ಮಂಜು ಕವಿದ ಹಾಗಾಗತ್ತೆ, ನೆರಳು ಅನ್ನೋದೇ ಉಳಿಯಲ್ಲ. ಆದ್ರಿಂದ ಕಪ್ಪನ್ನ ಮೊದಲು ಬೂದು ಮಾಡಿಕೊಂಡು, ಆಮೇಲೆ ಬಿಳಿಗೆ ಮಾಡಿದ್ದನ್ನೇ ಮಾಡ್ಬೇಕು.

ನಿಮ್ಮ ಕಪ್ಪು ಕುರ್ತಾ ಫೋಟೋದಲ್ಲಿ ಬಟ್ಟೆಯ ಅಂಕಿ 12ರಿಂದ 60ರ ಒಳಗೆ ಇದೆ ಅಂತಿಟ್ಕೊಳ್ಳಿ. ಅದೇ ಗ್ರೂಪ್, ಅದೇ ಮಾಸ್ಕ್, ಎಲ್ಲಕ್ಕಿಂತ ಕೆಳಗೆ ಒಂದು Levels ಹಾಕಿ. Input ಕಡೆ ಕಪ್ಪು ಸ್ಲೈಡರ್ 12, ಬಿಳಿ ಸ್ಲೈಡರ್ 60. Output ಕಡೆ 90 ಮತ್ತು 230. ಈಗ ಕುರ್ತಾ ಬೂದು ಬಣ್ಣದ್ದಾಗಿ ಕಾಣತ್ತೆ. ಮೇಲೆ Saturation −100, ಕಪ್ಪಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಕಪ್ಪು ಡೈ ಅಂದ್ರೆ ಒಳಗೆ ಕಂದೋ ನೀಲಿಯೋ ಇದ್ದೇ ಇರತ್ತೆ, ಎತ್ತಿದಾಗ ಆಚೆ ಬರತ್ತೆ. ಅದರ ಮೇಲೆ ಸಾಸಿವೆ ಹಳದಿ, 205, 150, 40, Multiply. ಬೆಳಕಿರೋ ಕಡೆ 185, 135, 36 ಬರತ್ತೆ, ಆಳದ ಮಡಿಕೆಯಲ್ಲಿ 72, 53, 14. ಕಾಗದದ ಮೇಲೆ ಸೊಗಸಾಗಿದೆ.

ಫೋಟೋದಲ್ಲಿ ಅಷ್ಟು ಸೊಗಸಾಗಿ ಬರಲ್ಲ, ಅದಕ್ಕೆ ಎರಡು ಕಾರಣ. ಮೊದಲನೇದು, 12ರಿಂದ 60 ಅಂದ್ರೆ ಇರೋದು 48 ಮೆಟ್ಟಿಲು, ಅದನ್ನ 140 ಮೆಟ್ಟಿಲಿನಷ್ಟು ಜಾಗಕ್ಕೆ ಎಳೆದಿದೀವಿ, ಹಾಗಾಗಿ ಪ್ರತಿ ಮೆಟ್ಟಿಲಿನ ನಡುವೆ ಸುಮಾರು ಮೂರರ ಅಂತರ. ನುಣುಪಾದ ಕಡೆ ಪಟ್ಟೆ ಪಟ್ಟೆ ಕಾಣತ್ತೆ, ಕತ್ತಲಲ್ಲಿ ಅಡಗಿದ್ದ ನಾಯ್ಸ್ ಕೂಡ ಮೂರು ಪಟ್ಟು ಆಗತ್ತೆ, ವಾಟ್ಸಾಪಲ್ಲಿ ಬಂದ ಫೋಟೋ ಆದ್ರೆ ಚೌಕ ಚೌಕ ಎದ್ದು ಕಾಣತ್ತೆ. ಜೆಪೆಗನ್ನ 16 ಬಿಟ್‌ಗೆ ಬದಲಾಯಿಸಿದ್ರೆ ಸರಿ ಹೋಗತ್ತೆ ಅನ್ನೋದು ಸುಳ್ಳು, ಕಳೆದು ಹೋದ ಮೆಟ್ಟಿಲು ವಾಪಸ್ ಬರಲ್ಲ. ರಾ ಇದ್ರೆ ಅಲ್ಲೇ Exposure, Shadows ಏರಿಸಿಕೊಂಡು ಬನ್ನಿ, ಅದು ನಿಜವಾಗಿ ಸಹಾಯ ಮಾಡತ್ತೆ.

ಎರಡನೇದು ಅದಕ್ಕಿಂತ ತಲೆನೋವು. ಕಪ್ಪು ಬಟ್ಟೆ ಬಿದ್ದ ಬೆಳಕನ್ನೆಲ್ಲಾ ನುಂಗಿಬಿಡತ್ತೆ, ಫೋಟೋದಲ್ಲಿ ನಮಗೆ ಕಾಣೋದು ಬಹುಪಾಲು ಅದರ ಮೇಲಿನ ಹೊಳಪು. ಹೊಳಪು ಅಂದ್ರೆ ಎಳೆಯ ಮೇಲ್ಮೈಯಿಂದ ಹಾಗೇ ಜಾರಿದ ಬೆಳಕು, ಅದಕ್ಕೂ ಬಟ್ಟೆಯ ಬಣ್ಣಕ್ಕೂ ಸಂಬಂಧ ಇಲ್ಲ. ನಾವು Levels ಎಳೆದು ಆ ಹೊಳಪನ್ನೇ ದೊಡ್ಡದು ಮಾಡಿ ಹಳದಿ ಹಚ್ಚಿದಾಗ ಕಾಟನ್ ಕುರ್ತಾ ರೇನ್‌ಕೋಟ್ ಥರ ಮಿಂಚತ್ತೆ. ಸ್ಯಾಟಿನ್ ಆದ್ರಂತೂ ಕೇಳ್ಲೇಬೇಡಿ. ಇದಕ್ಕೆ Levels ಮೇಲೆ ಒಂದು Curves ಇಟ್ಟು ಮೇಲಿನ ತುದೀನ ಕೆಳಗೆ ಎಳೆದು ಚಪ್ಪಟೆ ಮಾಡಿ, ಹೊಳಪು ಕಮ್ಮಿ ಆಗಿ ಬಟ್ಟೆ ಅನ್ಸೋ ತನಕ. ಒಂದೆರಡು ಕಡೆ ಮಾತ್ರ 110, 120 ಅಂತ ಮಿಂಚ್ತಿದ್ರೆ 60ಕ್ಕೆ ಕತ್ತರಿಸಿದಾಗ ಅಲ್ಲಿ ಚಪ್ಪಟೆ ತುಂಡಾಗತ್ತೆ, ಆಗ ಬಿಳಿ ಸ್ಲೈಡರನ್ನ 60ರಲ್ಲಿಡದೆ 120ರ ತನಕ ಬಿಡಬೇಕು.

ನೇರವಾಗಿ ಹೇಳ್ತೀನಿ, ಕಪ್ಪಿಂದ ಗಾಢ ಬಣ್ಣಗಳು ನಂಬೋ ಹಾಗೆ ಬರ್ತವೆ: ಬಾಟಲ್ ಗ್ರೀನ್, ನೇವಿ, ಕಾಫಿ, ಮರೂನ್. Output 40ರಿಂದ 130ರ ಒಳಗೆ ಮುಗಿಸಬಹುದು, ಅಷ್ಟು ಎಳೆಯೋದೇ ಬೇಡ. ಸಾಸಿವೆ ಹಳದಿ ಚಿಕ್ಕ ಸೈಜಲ್ಲಿ ಮೊಬೈಲ್ ಸ್ಕ್ರೀನಿಗೆ ಓಕೆ, ಜೂಮ್ ಮಾಡಿದ್ರೆ ಸಿಕ್ಕಿಬೀಳತ್ತೆ. ಕಪ್ಪಿಂದ ಕೆನೆ ಬಿಳಿ ಬೇಕು ಅಂದ್ರೆ ಆ ಪ್ರಯತ್ನಾನೇ ಬೇಡ.

ನಿಮ್ಮ ಹತ್ರ ಎರಡೂ ಪೀಸ್ ಇದೆ ಅಂದ್ರಲ್ಲ, ಹಾಗಿದ್ರೆ ಹಳದೀನೂ ಬಿಳಿ ಫೋಟೋದಿಂದಲೇ ಮಾಡಿ, ಕಪ್ಪನ್ನ ಮುಟ್ಟಲೇಬೇಡಿ. ಮತ್ತೆ ಹೊಸದಾಗಿ ಫೋಟೋ ತೆಗೆಯೋದಾದ್ರೆ ಬಿಳೀದನ್ನ, ಸಾಧ್ಯವಾದ್ರೆ ತಿಳಿ ಬೂದು ಪೀಸನ್ನ, ಅತೀ ಬೆಳಕಿರೋ ಮಡಿಕೆ 230 ದಾಟದ ಹಾಗೆ ಎಕ್ಸ್‌ಪೋಷರ್ ಇಳಿಸಿ ತೆಗೀರಿ. ಪಕ್ಕದಲ್ಲಿ ಅದೇ ಬೆಳಕಲ್ಲಿ ಮರೂನ್ ಬಟ್ಟೆಯದ್ದೂ ಹಳದಿ ಬಟ್ಟೆಯದ್ದೂ ಒಂದೊಂದು ತುಂಡು ಇಟ್ಟು ಇನ್ನೊಂದು ಕ್ಲಿಕ್ ಮಾಡ್ಕೊಳ್ಳಿ. ಬಣ್ಣ ಹಚ್ಚಿದ ಮೇಲೆ ಕುರ್ತಾದ ಬೆಳಕಿರೋ ಭಾಗದ ಅಂಕೀನ ಆ ತುಂಡಿನ ಅಂಕಿ ಜೊತೆ ಹೋಲಿಸಿ ಹೊಂದಿಸಿದ್ರೆ, ಫೋಟೋದಲ್ಲಿ ಬೇರೆ ಬಣ್ಣ ಇತ್ತು ಅಂತ ಪಾರ್ಸೆಲ್ ವಾಪಸ್ ಬರೋದು ಕಮ್ಮಿ ಆಗತ್ತೆ.